ರಸೀದಿ ಪುಸ್ತಕ ಒಂದೇ, ಅಪರಾಧ ಬೇರೆ: ವಂಚನೆ ಮತ್ತು ಅಪರಾಧಿಕ ನಂಬಿಕೆ ದ್ರೋಹ

ಈ ಎರಡು ಕಲಂಗಳನ್ನು ಬಾಯಿಪಾಠ ಮಾಡಿದವರೂ ಪ್ರಶ್ನೆಪತ್ರಿಕೆಯಲ್ಲಿ ಸಮಸ್ಯೆ ಕೊಟ್ಟಾಗ ಎಡವುತ್ತಾರೆ. ನಾನೂ ಎಡವಿದ್ದೇನೆ. ಎರಡರಲ್ಲೂ ಯಾರೋ ಒಬ್ಬ ನಂಬಿ ಕೆಟ್ಟಿರುತ್ತಾನೆ, ಹಾಗಾಗಿ ಎರಡೂ ಒಂದೇ ತರಹ ಕಾಣುತ್ತವೆ. ಒಂದೇ ಕಥೆಯನ್ನು ಎರಡು ರೀತಿ ಬರೆದುಕೊಂಡ ಮೇಲೆ ನನಗೆ ಗೊಂದಲ ಬಿಟ್ಟಿತು.

ಹೋಲ್‌ಸೇಲ್ ಬಟ್ಟೆ ಅಂಗಡಿಯೊಂದರ ಮಾಲೀಕ ಊರಿನ ಚಿಲ್ಲರೆ ಅಂಗಡಿಗಳಿಂದ ಬಾಕಿ ವಸೂಲಿ ಮಾಡಲು ಸಂಬಳಕ್ಕೆ ಒಬ್ಬನನ್ನು ಇಟ್ಟುಕೊಂಡಿದ್ದಾನೆ. ಅವನ ಕೈಯಲ್ಲಿ ಅಂಗಡಿ ಹೆಸರಿನ ರಸೀದಿ ಪುಸ್ತಕ ಇದೆ. ಒಂದು ಶನಿವಾರ ಐದು ಅಂಗಡಿಗಳಿಂದ 40,000 ರೂಪಾಯಿ ವಸೂಲಿ ಮಾಡಿ, ಎಲ್ಲರಿಗೂ ರಸೀದಿ ಹರಿದುಕೊಟ್ಟು, ಗಲ್ಲಾಪೆಟ್ಟಿಗೆಗೆ ಕಟ್ಟಿದ್ದು 25,000 ಮಾತ್ರ. ಉಳಿದದ್ದು ಎಲ್ಲಿ ಅಂದರೆ, 'ಇಬ್ಬರು ಮುಂದಿನ ವಾರ ಕೊಡ್ತೀನಿ ಅಂದಿದಾರೆ ಸಾರ್' ಅಂದ.

ಇದು ನಂಬಿಕೆ ದ್ರೋಹ. ಸುಳ್ಳು ಹೇಳಿದ್ದಾನಲ್ಲ, ವಂಚನೆ ಯಾಕಾಗಬಾರದು ಅಂತ ಅನಿಸುತ್ತದೆ. ಆದರೆ ಆ ಸುಳ್ಳಿನಿಂದ ಯಾರೂ ಅವನಿಗೆ ಹಣ ಕೊಡಲಿಲ್ಲ. ಹಣ ಕೈಗೆ ಬಂದದ್ದು ನೆಟ್ಟಗಿನ ದಾರಿಯಲ್ಲಿ, ಮಾಲೀಕನ ಪರವಾಗಿ. ಬಂದ ಮೇಲೆ ಅದನ್ನು ಸ್ವಂತಕ್ಕೆ ಬಳಸಿಕೊಂಡು, ಮುಚ್ಚಿಹಾಕಲು ಸುಳ್ಳು ಹೇಳಿದ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಕೇಳುವುದು ಇಷ್ಟೇ: ಸ್ವತ್ತನ್ನು ಒಪ್ಪಿಸಿರಬೇಕು, ಅದನ್ನು ಅಪ್ರಾಮಾಣಿಕವಾಗಿ ದುರುಪಯೋಗ ಮಾಡಿರಬೇಕು. ಗುಮಾಸ್ತ ಅಥವಾ ನೌಕರ ಹೀಗೆ ಮಾಡಿದರೆ 316(4), ಏಳು ವರ್ಷದವರೆಗೆ ಶಿಕ್ಷೆ.

ಈಗ ಕಥೆ ತಿರುಗಿಸೋಣ. ಮಾಲೀಕ ಅವನನ್ನು ಕೆಲಸದಿಂದ ತೆಗೆದ. ರಸೀದಿ ಪುಸ್ತಕ ವಾಪಸ್ ಪಡೆಯಲು ಮರೆತ. ಮರುದಿನ ಅವನು ಅದೇ ಪುಸ್ತಕ ಹಿಡಿದು, ಇನ್ನೂ ಅಲ್ಲೇ ಇರುವವನಂತೆ ಇನ್ನೊಂದು ಅಂಗಡಿಗೆ ಹೋಗಿ 8,000 ವಸೂಲಿ ಮಾಡಿ ಜೇಬಿಗಿಳಿಸಿದ. ಇದು ವಂಚನೆ, 318(4). ಸುಳ್ಳು ಮೊದಲು, ಹಣ ಆಮೇಲೆ. 'ಇವನು ಅವರ ಕಡೆಯವನು' ಅಂತ ನಂಬಿಯೇ ಅಂಗಡಿಯವರು ದುಡ್ಡು ಎಣಿಸಿಕೊಟ್ಟರು. ಇಲ್ಲೂ ಏಳು ವರ್ಷದವರೆಗೆ ಶಿಕ್ಷೆ. ಮೋಸ ಹೋದವರೂ ಬದಲಾದರು ನೋಡಿ: ಮೊದಲನೆಯದರಲ್ಲಿ ಮಾಲೀಕ, ಇಲ್ಲಿ ಅಂಗಡಿಯವರು.

ಹಾಗಾಗಿ ಸಮಸ್ಯೆ ಬಿಡಿಸುವಾಗ ನಾನು ಮೊದಲು ಹುಡುಕುವುದು ಸ್ವತ್ತು ಕೈ ಬದಲಾದ ಗಳಿಗೆ. ಕೆಟ್ಟ ಉದ್ದೇಶ ಅದಕ್ಕಿಂತ ಮುಂಚೆಯೇ ಇತ್ತೇ, ಆಮೇಲೆ ಹುಟ್ಟಿತೇ? ಚಿನ್ನ ಅಂತ ಹೇಳಿ ಲೇಪ ಹಾಕಿದ ಸರ ಮಾರಿದವನಿಗೆ ಮುಂಚೆಯೇ ಇತ್ತು. ಕೊಂಡಿ ರಿಪೇರಿಗೆ ಕೊಟ್ಟ ಸರವನ್ನು ಗಿರವಿ ಇಟ್ಟವನಿಗೆ ಆಮೇಲೆ ಹುಟ್ಟಿತು.

ಎರಡರಲ್ಲೂ ಸೇರದ ಮೂರನೆಯದೊಂದಿದೆ, ಪರೀಕ್ಷಕರಿಗೆ ಪ್ರಿಯವಾದದ್ದು: ಸಾಲಕ್ಕೆ ಮಾಲು ತಗೊಂಡು ದುಡ್ಡು ಕೊಡದಿರುವುದು. ಮಾರಾಟ ಮುಗಿದ ಮೇಲೆ ಆ ಮಾಲು ಕೊಂಡವನದೇ. ತನ್ನದೇ ಸ್ವತ್ತನ್ನು ಒಪ್ಪಿಸಿಕೊಂಡವ ಅನ್ನುವ ಮಾತೇ ಬರುವುದಿಲ್ಲ, ಹಾಗಾಗಿ ನಂಬಿಕೆ ದ್ರೋಹ ಬಿದ್ದುಹೋಯಿತು. ಕೊಳ್ಳುವಾಗಲೇ ಕೊಡುವ ಮನಸ್ಸಿರಲಿಲ್ಲ ಅಂತ ತೋರಿಸಿದರೆ ಮಾತ್ರ ವಂಚನೆ. ಮುಚ್ಚಿಹೋದ ಖಾತೆಯ ಚೆಕ್ ಕೊಟ್ಟದ್ದು, ಸುಳ್ಳು ವಿಳಾಸ ಬರೆಸಿದ್ದು, ಇಂಥವು ಆ ಮನಸ್ಸಿಗೆ ಸಾಕ್ಷಿಯಾಗುತ್ತವೆ. ವ್ಯಾಪಾರ ಕೈಕೊಟ್ಟು ಬಾಕಿ ಉಳಿದರೆ ಅದು ಸಿವಿಲ್ ವ್ಯಾಜ್ಯ. ನ್ಯಾಯ ಸಂಹಿತೆಗೂ ಮುಂಚೆ ಜಾರಿಯಲ್ಲಿದ್ದ 1860ರ ದಂಡ ಸಂಹಿತೆಯ 415ನೇ ಕಲಮಿನ ಕೆಳಗೆ ನೀಲಿ ಗಿಡದ ಉದಾಹರಣೆ ಇದೆ: ಮುಂಗಡ ತಗೊಳ್ಳುವಾಗ ಗಿಡ ಕೊಡುವ ಮನಸ್ಸು ನಿಜವಾಗಿ ಇದ್ದು, ಆಮೇಲೆ ಮಾತಿಗೆ ತಪ್ಪಿದರೆ ವಂಚನೆಯಲ್ಲ.

ಹಳೆಯ ದೂರುಗಳಲ್ಲಿ ಅದೇ ದಂಡ ಸಂಹಿತೆಯ ನಂಬಿಕೆ ದ್ರೋಹದ ಕಲಂ 406, ವಂಚನೆಯ ಕಲಂ 420 ಜೋಡೆತ್ತಿನಂತೆ ಒಟ್ಟಿಗೇ ಬರುತ್ತಿದ್ದವು. 2024ರ ಆಗಸ್ಟ್‌ನಲ್ಲಿ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತರಾಟೆಗೆ ತೆಗೆದುಕೊಂಡಿತು. ಕುದುರೆಗಳಿಗೆ ಧಾನ್ಯ ಪೂರೈಸಿದವರ ಬಾಕಿ ಬಿಲ್ ಅದರ ಮೂಲ. ಒಂದೇ ಸಂಗತಿಯ ಮೇಲೆ ಎರಡೂ ಅಪರಾಧ ಒಟ್ಟಿಗೆ ನಿಲ್ಲಲಾರವು ಅಂತ ಕೋರ್ಟ್ ಹೇಳಿತು. ತರ್ಕ ಸರಳವಾಗಿದೆ: ಮೊದಲಿಂದಲೇ ಮೋಸ ಮಾಡಿ ಪಡೆದದ್ದನ್ನು ಪ್ರಾಮಾಣಿಕವಾಗಿ ಒಪ್ಪಿಸಿಕೊಂಡದ್ದು ಅನ್ನಲಾಗದು.

ಕೆಲಸದ ಜಾಗದ ಇನ್ನೊಂದು ಸಂಗತಿ, ಹಲವರು ಬಿಟ್ಟುಬಿಡುವಂಥದ್ದು. ಸಂಬಳದಿಂದ ನೌಕರನ ಪಿಎಫ್ ವಂತಿಗೆ ಮುರಿದುಕೊಂಡು ನಿಧಿಗೆ ಕಟ್ಟದ ಮಾಲೀಕನ ಕಥೆ ಏನು? ನೌಕರ ಅವನ ಕೈಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ಹಣ ಮಾಲೀಕನ ಖಾತೆ ಬಿಟ್ಟು ಕದಲಿಯೇ ಇಲ್ಲ. ಆದರೂ 316ರ ವಿವರಣೆ ಪ್ರಕಾರ, ಮುರಿದುಕೊಂಡ ಕ್ಷಣದಿಂದ ಆ ಮೊತ್ತವನ್ನು ಅವನಿಗೆ ಒಪ್ಪಿಸಿದೆ ಅಂತಲೇ ಭಾವಿಸಬೇಕು. ಪೇಸ್ಲಿಪ್‌ನಲ್ಲಿ ಕಡಿತ ಕಾಣಿಸಿ, ಪಾಸ್‌ಬುಕ್‌ನಲ್ಲಿ ಆ ತಿಂಗಳು ಖಾಲಿ ಇದ್ದರೆ ನೌಕರನ ಕೈಯಲ್ಲಿ ಮೊದಲ ಪುರಾವೆ ಸಿಕ್ಕಂತೆ.