ಕನ್ಸೈನ್‌ಮೆಂಟ್ ಲೆಕ್ಕ: ಮಾರಾಟವಾಗದೆ ಉಳಿದ ಸರಕಿಗೆ ಬೆಲೆ ಕಟ್ಟುವುದು ಹೇಗೆ?

ಬಿಕಾಂ ಓದುವಾಗ ಒಂದು ಟೆಸ್ಟಿನಲ್ಲಿ ನಾನು ಗೋಡೌನ್ ಬಾಡಿಗೆಯನ್ನೂ ಉಳಿದ ಸರಕಿನ ಬೆಲೆಗೆ ಸೇರಿಸಿಬಿಟ್ಟಿದ್ದೆ. ಖಾತೆಯ ಎರಡೂ ಕಡೆ ಸರಿಯಾಗಿಯೇ ಟ್ಯಾಲಿ ಆಗಿತ್ತು, ಆದರೆ ಲಾಭ ತಪ್ಪಾಗಿತ್ತು. ಅದಕ್ಕೇ ಈ ಟಿಪ್ಪಣಿಯಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೈಸೂರಿನ ಒಬ್ಬ ಅಗರಬತ್ತಿ ತಯಾರಕರು ನಾಗಪುರದ ಡೀಲರ್‌ಗೆ 100 ಪೆಟ್ಟಿಗೆ ಕಳಿಸಿದರು ಅಂದುಕೊಳ್ಳಿ. ಪೆಟ್ಟಿಗೆಗೆ ತಗಲಿದ ಬೆಲೆ ₹2,000. ಡೀಲರ್ ಇದನ್ನು ಕೊಂಡುಕೊಂಡಿಲ್ಲ, ಮಾರಿಕೊಡಲು ಇಟ್ಟುಕೊಂಡಿದ್ದಾರೆ ಅಷ್ಟೇ, ಇದೇ ಕನ್ಸೈನ್‌ಮೆಂಟ್. ಮಾರುವ ತನಕ ಸರಕು ಮೈಸೂರಿನವರದ್ದೇ. ಹಾಗಾಗಿ ಕಳಿಸಿದ ದಿನ ಮಾರಾಟ ಎಂದು ಬರೆಯುವಂತಿಲ್ಲ, ಡೀಲರ್ ಹೆಸರಿಗೆ ಡೆಬಿಟ್ ಹಾಕುವಂತೆಯೂ ಇಲ್ಲ. ಕನ್ಸೈನ್‌ಮೆಂಟ್ ಖಾತೆಗೆ ₹2,00,000 ಡೆಬಿಟ್, 'ಕನ್ಸೈನ್‌ಮೆಂಟ್ ಮೇಲೆ ಕಳಿಸಿದ ಸರಕು' ಖಾತೆಗೆ ಕ್ರೆಡಿಟ್. (ಜಿಎಸ್‌ಟಿಯ ಮಾತು ಬೇರೆ. ಅಲ್ಲಿ ಏಜೆಂಟರಿಗೆ ಸರಕು ಕಳಿಸಿದ್ದೂ ಕೆಲವೊಮ್ಮೆ ಪೂರೈಕೆ ಅನಿಸಿಕೊಳ್ಳುತ್ತದೆ. ಇಲ್ಲಿ ಅದನ್ನು ಪಕ್ಕಕ್ಕಿಟ್ಟಿದ್ದೇನೆ.)

ಲಾರಿ ಬಾಡಿಗೆ ಮತ್ತು ವಿಮೆಗೆ ತಯಾರಕರು ಕೊಟ್ಟದ್ದು ₹8,000. ಕನ್ಸೈನ್‌ಮೆಂಟ್ ಖಾತೆಗೆ ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್. ಡೀಲರ್ ಮುಂಗಡವಾಗಿ ₹50,000 ಕಳಿಸಿದರು. ಅದಕ್ಕೆ ಬ್ಯಾಂಕ್ ಡೆಬಿಟ್, ಡೀಲರ್ ಕ್ರೆಡಿಟ್. ಮುಂಗಡ ಕನ್ಸೈನ್‌ಮೆಂಟ್ ಖಾತೆಯೊಳಗೆ ಬರುವುದೇ ಇಲ್ಲ.

ಮಾರ್ಚ್ 31ಕ್ಕೆ ಡೀಲರ್‌ರಿಂದ ಅಕೌಂಟ್ ಸೇಲ್ಸ್ ಬಂತು, ಅಂದರೆ ಅವರು ಒಪ್ಪಿಸುವ ಮಾರಾಟದ ಲೆಕ್ಕಪಟ್ಟಿ. 80 ಪೆಟ್ಟಿಗೆ ತಲಾ ₹2,800ಕ್ಕೆ ಹೋಗಿವೆ, ಒಟ್ಟು ₹2,24,000. ಸರಕು ಇಳಿಸಿ ಗೋಡೌನಿಗೆ ಸಾಗಿಸಲು ₹2,000, ಗೋಡೌನ್ ಬಾಡಿಗೆ ಮತ್ತು ಜಾಹೀರಾತಿಗೆ ₹4,000, ಕಮಿಷನ್ ಶೇ. 5ರಂತೆ ₹11,200. ಈಗ ನಮೂದುಗಳು ಹೀಗೆ:

ಡೀಲರ್ ಖಾತೆ ಡೆಬಿಟ್ ₹2,24,000, ಕನ್ಸೈನ್‌ಮೆಂಟ್ ಖಾತೆ ಕ್ರೆಡಿಟ್ (ಮಾರಾಟ)
ಕನ್ಸೈನ್‌ಮೆಂಟ್ ಖಾತೆ ಡೆಬಿಟ್ ₹6,000, ಡೀಲರ್ ಖಾತೆ ಕ್ರೆಡಿಟ್ (ಅವರು ಮಾಡಿದ ಖರ್ಚು)
ಕನ್ಸೈನ್‌ಮೆಂಟ್ ಖಾತೆ ಡೆಬಿಟ್ ₹11,200, ಡೀಲರ್ ಖಾತೆ ಕ್ರೆಡಿಟ್ (ಕಮಿಷನ್)

ಮಾರಾಟದಿಂದ ಖರ್ಚು, ಕಮಿಷನ್, ಮುಂಗಡ ಕಳೆದರೆ ಡೀಲರ್ ಇನ್ನೂ ಕೊಡಬೇಕಾದದ್ದು ₹1,56,800.

ಇನ್ನು ಉಳಿದ 20 ಪೆಟ್ಟಿಗೆ. ಇವುಗಳ ಬೆಲೆ ಸುಮ್ನೆ 20 × 2,000 ಅಲ್ಲ. ಮೈಸೂರಿನಲ್ಲಿದ್ದ ಪೆಟ್ಟಿಗೆಗೂ ನಾಗಪುರದ ಗೋಡೌನ್ ತಲುಪಿದ ಪೆಟ್ಟಿಗೆಗೂ ವ್ಯತ್ಯಾಸ ಇದೆ ಅಲ್ವಾ? ಸರಕು ಗೋಡೌನ್ ಬಾಗಿಲು ದಾಟುವ ತನಕ ಆದ ಖರ್ಚು ಬೆಲೆಗೆ ಸೇರುತ್ತದೆ. ಆಮೇಲೆ ಅದನ್ನು ಇಟ್ಟುಕೊಳ್ಳಲು, ಮಾರಲು ಆದದ್ದು ಸೇರುವುದಿಲ್ಲ. ಖರ್ಚು ಮಾಡಿದವರು ಯಾರು ಅನ್ನುವುದು ಇಲ್ಲಿ ಮುಖ್ಯವಲ್ಲ. ಡೀಲರ್ ಕೊಟ್ಟ ₹2,000 ಇಳಿಸುವ ಕೂಲಿಯೂ ಸೇರುತ್ತದೆ. ಅವರೇ ಕೊಟ್ಟ ಬಾಡಿಗೆ, ಜಾಹೀರಾತು ಸೇರುವುದಿಲ್ಲ, ಕಮಿಷನ್ನೂ ಇಲ್ಲ.

ಸೇರುವ ಖರ್ಚು ₹8,000 + ₹2,000, ಅಂದರೆ ₹10,000. ಇದು ನೂರೂ ಪೆಟ್ಟಿಗೆಗೆ ಆದದ್ದು. 20 ಪೆಟ್ಟಿಗೆಯ ಪಾಲು ₹2,000. ಉಳಿದ ಸರಕಿನ ಬೆಲೆ ₹40,000 + ₹2,000 = ₹42,000. 'ಕನ್ಸೈನ್‌ಮೆಂಟ್ ಸರಕು' ಖಾತೆಗೆ ಡೆಬಿಟ್, ಕನ್ಸೈನ್‌ಮೆಂಟ್ ಖಾತೆಗೆ ಕ್ರೆಡಿಟ್. ಸರಕು ನಾಗಪುರದಲ್ಲೇ ಇದ್ದರೂ ಇದು ಮೈಸೂರಿನವರ ಆಸ್ತಿ-ಹೊಣೆ ಪಟ್ಟಿಯಲ್ಲಿ ಆಸ್ತಿಯ ಕಡೆ ಬರುತ್ತದೆ.

ಈಗ ಕನ್ಸೈನ್‌ಮೆಂಟ್ ಖಾತೆಯ ಕ್ರೆಡಿಟ್ ಕಡೆ ₹2,66,000, ಡೆಬಿಟ್ ಕಡೆ ₹2,25,200. ಲಾಭ ₹40,800, ಇದು ಲಾಭ-ನಷ್ಟ ಖಾತೆಗೆ ಹೋಗುತ್ತದೆ. 'ಕಳಿಸಿದ ಸರಕು' ಖಾತೆಯ ₹2,00,000ವನ್ನು ಟ್ರೇಡಿಂಗ್ ಖಾತೆಗೆ ಸಾಗಿಸಿ ಮುಚ್ಚುತ್ತೇವೆ.

ನನ್ನ ಹಾಗೆ ಬಾಡಿಗೆ, ಜಾಹೀರಾತನ್ನೂ ಸೇರಿಸಿದ್ದರೆ ಸರಕು ₹42,800 ಆಗಿ, ಲಾಭ ₹800 ಜಾಸ್ತಿ ಕಾಣುತ್ತಿತ್ತು. ಖಾತೆ ಆಗಲೂ ಟ್ಯಾಲಿ ಆಗುತ್ತದೆ, ಯಾಕಂದರೆ ಲಾಭ ಅನ್ನುವುದೇ ಎರಡು ಕಡೆಯ ವ್ಯತ್ಯಾಸ. ತಪ್ಪು ಹಿಡಿಯಲು ಮಾರಾಟವಾದ 80 ಪೆಟ್ಟಿಗೆಯನ್ನಷ್ಟೇ ತೆಗೆದುಕೊಂಡು ಬೇರೆ ದಾರಿಯಲ್ಲಿ ಲೆಕ್ಕ ಹಾಕಿ. ಗೋಡೌನ್ ತಲುಪಿದ ಒಂದು ಪೆಟ್ಟಿಗೆ ₹2,100, ಹಾಗಾಗಿ 80ಕ್ಕೆ ₹1,68,000. ಮಾರಾಟದಿಂದ ಇದನ್ನು ಕಳೆದರೆ ₹56,000. ಅದರಿಂದ ಬಾಡಿಗೆ-ಜಾಹೀರಾತಿನ ₹4,000, ಕಮಿಷನ್ ₹11,200 ತೆಗೆಯಿರಿ. ಮತ್ತೆ ₹40,800 ಬಂತು.

ಒಂದು ಮಿತಿ ಇದೆ. ಮಾರುಕಟ್ಟೆ ಬಿದ್ದು, ಮಾರುವ ಖರ್ಚು ಕಳೆದ ಮೇಲೆ ಪೆಟ್ಟಿಗೆಗೆ ₹1,900 ಮಾತ್ರ ಕೈಗೆ ಸಿಗುವಂತಿದ್ದರೆ ₹42,000 ಇಡುವಂತಿಲ್ಲ, ₹38,000 ಇಡಬೇಕು. ತಗಲಿದ ಬೆಲೆ, ಕೈಗೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆ ಇರುವುದೇ ಲೆಕ್ಕಕ್ಕೆ.

ಏಪ್ರಿಲ್ 1ಕ್ಕೆ ಅದೇ ₹42,000 ಹೊಸ ವರ್ಷದ ಕನ್ಸೈನ್‌ಮೆಂಟ್ ಖಾತೆಯ ಡೆಬಿಟ್ ಕಡೆ ಆರಂಭದ ಸರಕಾಗಿ ಕೂರುತ್ತದೆ. ಆ 20 ಪೆಟ್ಟಿಗೆಯೂ ₹2,800ರಂತೆ ಹೋದರೆ ಮಾರಾಟ ₹56,000, ಕಮಿಷನ್ ₹2,800. ಉಳಿಯುವ ₹11,200ರಲ್ಲಿ ಆ ವರ್ಷದ ಗೋಡೌನ್ ಬಾಡಿಗೆ ಕಳೆದರೆ ಆ ವರ್ಷದ ಲಾಭ.