ಡೆಲ್ಫ್ ಬಿ1 ಮೌಖಿಕ ಪರೀಕ್ಷೆ: ನಿರಾಕರಣೆಯ ನಂತರದ ಮಾತು

ಫ್ರೆಂಚ್ ಭಾಷೆಯ ಡೆಲ್ಫ್ ಬಿ1 ಪರೀಕ್ಷೆಯ ಮೌಖಿಕ ಭಾಗ ಸುಮಾರು 15 ನಿಮಿಷದ್ದು. ಮೊದಲು ಎರಡು ಮೂರು ನಿಮಿಷ ಸ್ವಪರಿಚಯದ ಸಂಭಾಷಣೆ, ನಂತರ ಮೂರು ನಾಲ್ಕು ನಿಮಿಷ ಪಾತ್ರಾಭಿನಯದ ಸಂವಾದ, ಕೊನೆಗೆ ಒಂದು ಚಿಕ್ಕ ಬರಹವನ್ನು ಆಧರಿಸಿ ಅಭಿಪ್ರಾಯ ಮಂಡನೆ. ಪರೀಕ್ಷೆಗೆ ಮೊದಲು ಸಿಗುವ 10 ನಿಮಿಷದ ಸಿದ್ಧತೆ ಕೊನೆಯ ಭಾಗಕ್ಕೆ ಮಾತ್ರ ಮೀಸಲಾದದ್ದರಿಂದ, ವಿದ್ಯಾರ್ಥಿಗಳ ಮನೆಯ ಅಭ್ಯಾಸವೂ ಬಹುಪಾಲು ಅದಕ್ಕೇ ಸಲ್ಲುತ್ತದೆ. ಆದರೆ ನಾನು ಕಲಿಸುತ್ತ ಕಂಡಂತೆ, ಭಾಷೆ ಚೆನ್ನಾಗಿಯೇ ಬರುವವರೂ ಎಡವುವುದು ನಡುವಿನ ಸಂವಾದದಲ್ಲಿ. ಅಲ್ಲಿ ಸಿದ್ಧತೆಗೆ ಸಮಯವಿಲ್ಲ, ಎದುರಿಗಿರುವ ಪರೀಕ್ಷಕರು ಒಪ್ಪದ ಮನುಷ್ಯನ ಪಾತ್ರ ವಹಿಸಿರುತ್ತಾರೆ.

ಒಂದು ಸನ್ನಿವೇಶವನ್ನು ತೆಗೆದುಕೊಳ್ಳೋಣ. ನೀವು ವ್ಯಾಯಾಮ ಕೇಂದ್ರವೊಂದಕ್ಕೆ ವರ್ಷದ ಶುಲ್ಕ ಕಟ್ಟಿದ್ದೀರಿ. ಒಂದು ತಿಂಗಳಾದ ಮೇಲೆ ಮೊಣಕಾಲಿಗೆ ಪೆಟ್ಟಾಗಿದೆ. ಹಣ ಹಿಂದಿರುಗಿಸುವಂತೆ ಕೇಳಲು ಹೋಗಿದ್ದೀರಿ. ಪರೀಕ್ಷಕರು ಅಲ್ಲಿನ ಸಿಬ್ಬಂದಿ. ಸಿದ್ಧತೆಯಿಲ್ಲದ ವಿದ್ಯಾರ್ಥಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಹಣ ಕೇಳಿ, ‘ನಿಯಮದಲ್ಲಿ ಅವಕಾಶವಿಲ್ಲ’ ಎಂಬ ಉತ್ತರ ಬಂದೊಡನೆ ಅದೇ ಬೇಡಿಕೆಯನ್ನು ಮತ್ತೆ ಹೇಳುತ್ತಾನೆ, ಇಲ್ಲವೇ ಸರಿ ಎಂದು ಒಪ್ಪಿಬಿಡುತ್ತಾನೆ. ಮಾತು ಒಂದೂವರೆ ನಿಮಿಷಕ್ಕೆ ಮುಗಿಯುತ್ತದೆ. ಅವನ ವ್ಯಾಕರಣದಲ್ಲಿ ತಪ್ಪಿಲ್ಲದಿದ್ದರೂ, ತಡೆ ಬಂದಾಗ ಮಾತನ್ನು ಮುಂದಕ್ಕೆ ಒಯ್ಯಬಲ್ಲನೇ ಎಂಬುದನ್ನು ತೋರಿಸುವ ಅವಕಾಶ ಕೈತಪ್ಪಿರುತ್ತದೆ.

ಆದ್ದರಿಂದ ವಿಷಯದ ಚೀಟಿ ಓದಿದ ತಕ್ಷಣ ಮನಸ್ಸಿನಲ್ಲಿ ಸಿದ್ಧವಾಗಬೇಕಾದದ್ದು ವಾಕ್ಯಗಳಲ್ಲ, ಒಂದರ ಕೆಳಗೊಂದು ಇಳಿಯುವ ಮೂರು ಬೇಡಿಕೆಗಳು. ಈ ಸನ್ನಿವೇಶದಲ್ಲಿ ಮೊದಲನೆಯದು ಪೂರ್ತಿ ಹಣ. ಅದು ಆಗದಿದ್ದರೆ ಸದಸ್ಯತ್ವವನ್ನು ಮೂರು ತಿಂಗಳು ತಡೆಹಿಡಿಯುವುದು. ಅದೂ ಆಗದಿದ್ದರೆ ಸದಸ್ಯತ್ವವನ್ನು ತಮ್ಮನ ಹೆಸರಿಗೆ ವರ್ಗಾಯಿಸುವುದು. ಪ್ರತಿ ನಿರಾಕರಣೆಯನ್ನೂ ಕೇಳಿಸಿಕೊಂಡೆ ಎಂಬುದಕ್ಕೆ ‘ಝೆ ಕೋಂಪ್ರಾಂ, ಮೆ…’, ಅಂದರೆ ‘ಅರ್ಥವಾಯಿತು, ಆದರೆ…’ ಎಂದು ಆರಂಭಿಸಿ, ಒಂದು ಕಾರಣ ಕೊಟ್ಟು, ಮುಂದಿನ ಮೆಟ್ಟಿಲಿಗೆ ಇಳಿಯಬೇಕು. ವೈದ್ಯರ ಪ್ರಮಾಣಪತ್ರ ತಂದುಕೊಡುತ್ತೇನೆ ಎಂಬಂಥ ಮಾತನ್ನು ಆರಂಭದಲ್ಲೇ ಖರ್ಚು ಮಾಡದೆ, ಮೊದಲ ನಿರಾಕರಣೆಯ ನಂತರಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.

ಕಥೆ ಹೇಳುವಾಗ ಭೂತಕಾಲದ ಎರಡು ರೂಪಗಳು ಬೇಕಾಗುತ್ತವೆ. ಇಲ್ಲಿ ಕನ್ನಡವೇ ಒಂದಿಷ್ಟು ದಾರಿ ತೋರಿಸುತ್ತದೆ: ‘ವಾರಕ್ಕೆ ಮೂರು ಬಾರಿ ಬರುತ್ತಿದ್ದೆ’ ಎಂಬ ರೂಢಿಗೆ ಆಂಪರ್ಫೆ, ‘ಮೊಣಕಾಲಿಗೆ ಪೆಟ್ಟಾಯಿತು’ ಎಂಬ ಒಮ್ಮೆ ನಡೆದ ಘಟನೆಗೆ ಪಾಸೆ ಕೋಂಪೋಜೆ. ಈ ಹೋಲಿಕೆ ಎಲ್ಲ ಕಡೆಯೂ ಹೊಂದುವುದಿಲ್ಲ. ‘ದಣಿದಿದ್ದೆ’ ಎಂಬಂಥ ಸ್ಥಿತಿಯ ವರ್ಣನೆಗೂ ಫ್ರೆಂಚಿನಲ್ಲಿ ಸಾಮಾನ್ಯವಾಗಿ ಆಂಪರ್ಫೆಯೇ ಬರುತ್ತದೆ.

ಗೌರವದ ವಿಷಯದಲ್ಲಿ ಕನ್ನಡಿಗರು ಎಡವುವ ರೀತಿಯೇ ಬೇರೆ. ‘ತು’ ಮತ್ತು ‘ವು’ ಎಂಬ ಭೇದ ನೀನು, ನೀವು ಬಳಸುವ ನಮಗೆ ಹೊಸದಲ್ಲ, ಆದರೂ ಗಾಬರಿಯಲ್ಲಿ ಬಾಯಿಪಾಠವಾಗಿರುವ ‘ತು’ ರೂಪವೇ ಹೊರಬೀಳುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ಬೇಡಿಕೆಯ ಧಾಟಿ. ‘ವು’ ಬಳಸಿಯೂ ‘ಝೆ ವ’, ಅಂದರೆ ‘ನನಗೆ ಬೇಕು’ ಎಂದರೆ ಒರಟಾಗಿ ಕೇಳಿಸುತ್ತದೆ. ‘ಝೆ ವುದ್ರೆ’, ಅಂದರೆ ‘ನನಗೆ ಬೇಕಾಗಿತ್ತು’, ಅಥವಾ ‘ಎಸ್ಕ್ ವು ಪುರಿಯೆ…’, ಅಂದರೆ ‘ನಿಮಗೆ ಸಾಧ್ಯವಾಗಬಹುದೇ…’ ಎಂಬ, ಕ್ರಿಯಾಪದದ ಕೋಂದಿಸಿಯೊನೆಲ್ ರೂಪಗಳಿಂದ ಅದೇ ಬೇಡಿಕೆ ವಿನಂತಿಯಾಗುತ್ತದೆ. ಸ್ನೇಹಿತನೊಡನೆ ಮಾತಾಡುವ ಸನ್ನಿವೇಶ ಬಂದರೆ ಮಾತ್ರ ‘ತು’ ಸರಿ, ಅಲ್ಲಿ ‘ವು’ ಹೇಳುವುದೇ ಅಸಹಜ. ಹಾಗಾಗಿ ಚೀಟಿಯಲ್ಲಿ ಎದುರಿನವರು ಯಾರು ಎಂಬುದನ್ನು ಮೊದಲು ನೋಡಬೇಕು.

ಅಭ್ಯಾಸಕ್ಕೆ ಒಬ್ಬ ಜೊತೆಗಾರ ಬೇಕು. ಅವರು ಫ್ರೆಂಚಿನಲ್ಲಿ ಪರಿಣತರಾಗಿರಬೇಕಿಲ್ಲ. ಎರಡು ನಿರಾಕರಣೆಗಳನ್ನು ಓದಿ ಹೇಳಬಲ್ಲವರಾದರೆ ಸಾಕು, ಆದರೆ ಅವು ಯಾವುವೆಂದು ನಿಮಗೆ ಮೊದಲೇ ತಿಳಿದಿರಬಾರದು. ಮಾತನ್ನು ಧ್ವನಿಮುದ್ರಿಸಿಕೊಂಡು, ನೀವು ಎಷ್ಟು ಬಾರಿ ಮಾತು ತೆಗೆದುಕೊಂಡಿರಿ ಎಂದು ಎಣಿಸಿ. ಎರಡೇ ಉದ್ದನೆಯ ಸರದಿಗಳಿದ್ದರೆ ಅದು ಭಾಷಣ; ಐದಾರು ಚಿಕ್ಕ ಸರದಿಗಳಿದ್ದು, ಪ್ರತಿಯೊಂದೂ ಎದುರಿನವರು ಆಗತಾನೆ ಹೇಳಿದ್ದಕ್ಕೆ ತಗುಲಿಕೊಂಡಿದ್ದರೆ ಅದು ಸಂವಾದ. ನಿಮ್ಮ ಎರಡನೆಯ ಬೇಡಿಕೆಯಲ್ಲಿ ಮೊದಲನೆಯದರ ಪದಗಳೇ ಮರುಕಳಿಸುತ್ತಿದ್ದರೆ ಮೆಟ್ಟಿಲು ಇಳಿದಿಲ್ಲವೆಂದೇ ಅರ್ಥ.

ಎದುರಿನವರ ಮಾತು ತಿಳಿಯದಿದ್ದಾಗ ಊಹಿಸಿ ಉತ್ತರಿಸುವುದಕ್ಕಿಂತ ‘ಪರ್ದೋಂ, ವು ಪುವೆ ರೆಪೆತೆ?’ ಎಂದು ಮತ್ತೊಮ್ಮೆ ಹೇಳುವಂತೆ ಕೇಳಿಬಿಡಿ. ಕೊನೆಗೆ ಪರೀಕ್ಷಕರು ಮೂರು ತಿಂಗಳ ತಡೆಗೆ ಒಪ್ಪಿದರೆ, ಥ್ಯಾಂಕ್ಸ್ ಹೇಳಿ ನಿಲ್ಲಿಸದೆ, ‘ಸಿ ಝೆ ಬ್ಯಾಂ ಕೋಂಪ್ರಿ…’, ಅಂದರೆ ‘ನನಗೆ ಸರಿಯಾಗಿ ಅರ್ಥವಾಗಿದ್ದರೆ…’ ಎಂದು ಆರಂಭಿಸಿ, ಯಾವ ದಿನದಿಂದ ತಡೆ, ಪ್ರಮಾಣಪತ್ರವನ್ನು ಎಂದು ತಂದುಕೊಡಬೇಕು ಎಂಬುದನ್ನು ನಿಮ್ಮ ಮಾತಿನಲ್ಲೇ ಖಚಿತಪಡಿಸಿಕೊಂಡು, ಆಮೇಲೆ ವಿದಾಯ ಹೇಳಿ.