ಮುದ್ದೆ ನುಂಗೋಕಾಗದ ಅತ್ತೆಗೆ ತೆಳು ಗಂಜಿ ಸಾಕೇ?

ಪ್ರಶ್ನೆ: ನಮ್ಮತ್ತೆಗೆ 78 ವರ್ಷ, ತೂಕ 42 ಕೆಜಿ. ಲಕ್ವ ಹೊಡೆದ ಮೇಲೆ ಊಟ ಮಾಡುವಾಗ ಕೆಮ್ಮು ಬರುತ್ತೆ. ಮೆತ್ತಗೆ ಅರೆದು ಕೊಡಿ ಅಂದಿದ್ದಾರೆ. ಮುದ್ದೆ ನಿಲ್ಲಿಸಿ ಗಂಜಿ ಕೊಡ್ತಿದ್ದೀವಿ. ಆದರೂ ದಿನೇ ದಿನೇ ಸೊರಗುತ್ತಿದ್ದಾರೆ. ಏನು ಮಾಡೋದು? — ಚನ್ನರಾಯಪಟ್ಟಣದಿಂದ ಓದುಗರೊಬ್ಬರು

ಮುದ್ದೆ ನಿಲ್ಲಿಸಿದ್ದು ಸರಿ. ಹಾಸನದ ಕಡೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುತ್ತೇವೆ. ಆ ಅಂಟು ತುತ್ತನ್ನು ಕೆಳಕ್ಕೆ ತಳ್ಳಲು ಗಂಟಲಿಗೆ ಬಲ ಬೇಕು. ಲಕ್ವದಲ್ಲಿ ಕುಗ್ಗುವುದು ಅದೇ ಬಲ. ಆದರೆ ಮುದ್ದೆಯ ಜಾಗಕ್ಕೆ ತೆಳು ಗಂಜಿ ಬಂದದ್ದೇ ಅವರು ಸೊರಗಲು ಕಾರಣವಿರಬಹುದು. 30 ಗ್ರಾಂ ಅಕ್ಕಿಯನ್ನು ಎರಡು ಲೋಟ ಗಂಜಿ ಮಾಡಿದರೆ ಅದರಲ್ಲಿರುವುದು ಸುಮಾರು 105 ಕ್ಯಾಲೊರಿ, 2 ಗ್ರಾಂ ಪ್ರೋಟೀನ್. ಹೊಟ್ಟೆ ತುಂಬುವುದು ನೀರಿನಿಂದ. ಜೊತೆಗೆ ನೀರಾದ ಗಂಜಿ ಬೇಗ ಜಾರಿ ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ.

42 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 1,250 ಕ್ಯಾಲೊರಿ, 50 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ಕಾಯಿಲೆ ಇದ್ದರೆ ಪ್ರೋಟೀನ್ ಲೆಕ್ಕವನ್ನು, ಸಕ್ಕರೆ ಕಾಯಿಲೆ ಇದ್ದರೆ ಸಿಹಿಯ ಲೆಕ್ಕವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಇಷ್ಟನ್ನು ತುಂಬಿಸಲು ದಾರಿ ಒಂದೇ: ಅರೆಯುವಾಗ ನೀರಿನ ಬದಲು ಹಾಲು, ತುಪ್ಪ, ಹಾಲಿನ ಪುಡಿ ಬಳಸುವುದು.

ಹೆಸರುಬೇಳೆ ಹುಗ್ಗಿಯನ್ನೇ ನೋಡಿ. 30 ಗ್ರಾಂ ಅಕ್ಕಿ, 30 ಗ್ರಾಂ ಹೆಸರುಬೇಳೆ, ಸಿಪ್ಪೆ ತೆಗೆದ ಒಂದು ಹೋಳು ಸಿಹಿಗುಂಬಳ, 300 ಮಿಲಿ ನೀರು. ಕುಕ್ಕರ್‌ನಲ್ಲಿ ಐದಾರು ವಿಸಿಲ್ ಕೂಗಿಸಿ. ಬಿಸಿ ಇರುವಾಗಲೇ ಎರಡು ಟೀ ಚಮಚ ತುಪ್ಪ ಹಾಕಿ. ಎರಡು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿಯನ್ನು ಸ್ವಲ್ಪ ಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಸೇರಿಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ಬಿಸಿಯದ್ದು ಉಕ್ಕಿ ಬರುತ್ತದೆ, ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಆಮೇಲೆ ಜರಡಿಯಲ್ಲಿ ಸೋಸಿ. ಈಗ ಅದರಲ್ಲಿ ಸುಮಾರು 350 ಕ್ಯಾಲೊರಿ, 14 ಗ್ರಾಂ ಪ್ರೋಟೀನ್ ಇದೆ. ಒಂದೇ ಸಲ ಸೇರದಿದ್ದರೆ ಅದನ್ನೇ ಎರಡು ಪಾಲು ಮಾಡಿ ಕೊಡಿ.

ಅನ್ನ ಆರಿದ ಮೇಲೆ ಅರೆದರೆ ಗೋಂದಿನಂತಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಇದು. ಅಂಟು ಹುಗ್ಗಿ ಅಂಗುಳಕ್ಕೆ, ಗಂಟಲಿಗೆ ಮೆತ್ತಿಕೊಂಡು ಅಲ್ಲೇ ಉಳಿಯುತ್ತದೆ, ಆಮೇಲೆ ಉಸಿರಿನ ಜೊತೆ ಒಳಗೆಳೆದುಕೊಳ್ಳುತ್ತಾರೆ. ಹದ ತಿಳಿಯಲು ಚಮಚದಲ್ಲಿ ತೆಗೆದುಕೊಂಡು ಓರೆ ಮಾಡಿ. ಅದು ಆಕಾರ ಬಿಡದೆ, ಒಂದೇ ತುತ್ತಾಗಿ ಜಾರಿ ಬೀಳಬೇಕು. ಹರಿದರೆ ತೆಳು. ಕೊಡವಿದರೂ ಬೀಳದಿದ್ದರೆ ಅಂಟು, ಬಿಸಿ ಹಾಲು ಮತ್ತು ತುಪ್ಪ ಹಾಕಿ ಮತ್ತೆ ಅರೆಯಿರಿ. ಹುಗ್ಗಿ ಆರುತ್ತಾ ಗಟ್ಟಿಯಾಗುವುದರಿಂದ ಊಟದ ನಡುವೆಯೂ ಒಮ್ಮೆ ನೋಡಿ.

ಸಪ್ಪೆ ಅಂತ ಅವರು ತಟ್ಟೆ ತಳ್ಳಿದರೆ ತಪ್ಪು ಅವರದ್ದಲ್ಲ. ತುಪ್ಪದಲ್ಲಿ ಇಂಗು, ಜೀರಿಗೆ, ಕರಿಬೇವು ಹುರಿದು, ಆ ತುಪ್ಪವನ್ನು ಮಾತ್ರ ಸೋಸಿ ಹಾಕಿ. ಸಾಸಿವೆ, ಕರಿಬೇವಿನೆಲೆ, ಟೊಮೆಟೊ ಸಿಪ್ಪೆ ಒಂದೂ ಬಾಯಿಗೆ ಹೋಗಬಾರದು. ಅನ್ನಕ್ಕೆ ತಿಳಿ ಸಾರು ಹಾಕಿ ಕಲಸಿ ಕೊಡುವುದೂ ಬೇಡ. ಸಾರು ಮೊದಲು ಗಂಟಲಿಗಿಳಿಯುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ.

ಇಂಥ ಹುಗ್ಗಿ ದಿನಕ್ಕೆ ಎರಡು ಬಾರಿ ಬೇಯಿಸಿದರೆ 700 ಕ್ಯಾಲೊರಿ ಆಯಿತು. ರಾಗಿ ಬೇಕೆನ್ನುವವರಿಗೆ 25 ಗ್ರಾಂ ಹಿಟ್ಟನ್ನು ತಣ್ಣೀರಲ್ಲಿ ಕದಡಿ, 200 ಮಿಲಿ ಹಾಲಿನಲ್ಲಿ ಬೇಯಿಸಿ, ಸೋಸಿದ ಬೆಲ್ಲದ ಪಾಕ, ಒಂದು ಚಮಚ ತುಪ್ಪ ಸೇರಿಸಿದ ಗಟ್ಟಿ ಸರಿ ಇನ್ನೊಂದು 290 ಕ್ಯಾಲೊರಿ ಕೊಡುತ್ತದೆ. ಒಂದು ಮೊಟ್ಟೆಯನ್ನು 100 ಮಿಲಿ ಹಾಲು, ಸಕ್ಕರೆಯೊಂದಿಗೆ ಕದಡಿ ಹಬೆಯಲ್ಲಿ ನುಣುಪಾಗಿ ಬೇಯಿಸಿದರೆ 175. ಮೊಟ್ಟೆ ತಿನ್ನದವರಿಗೆ 40 ಗ್ರಾಂ ಪನೀರ್ ಅನ್ನು ಹಾಲಿನೊಂದಿಗೆ ನುಣ್ಣಗೆ ಅರೆಯಿರಿ. ಜೊತೆಗೆ 150 ಗ್ರಾಂ ಗಟ್ಟಿ ಮೊಸರಿಗೆ ಸಕ್ಕರೆ ಹಾಕಿ ಕೊಟ್ಟರೆ ದಿನದ ಪ್ರೋಟೀನ್ 50 ಗ್ರಾಂ ಸಮೀಪಕ್ಕೆ ಬರುತ್ತದೆ.

ನೀರು, ಕಾಫಿಗೂ ಇದೇ ಎಚ್ಚರ ಬೇಕು. ಗಟ್ಟಿ ಮಾಡಿ ಕೊಡಿ ಎಂದು ಹೇಳಿದ್ದರೆ ಕಾರ್ನ್‌ಫ್ಲೋರ್ ನೆಚ್ಚಬೇಡಿ, ಎಂಜಲು ತಾಗಿದರೆ ಅದು ನೀರಾಗುತ್ತದೆ. ಔಷಧಿ ಅಂಗಡಿಯಲ್ಲಿ ಕ್ಸಾಂಥನ್ ಗಮ್ ಇರುವ ಪುಡಿ ಕೇಳಿ. ಊಟ ಎಷ್ಟು ಗಟ್ಟಿ ಇರಬೇಕು, ನೀರು ಎಷ್ಟು ಗಟ್ಟಿ ಇರಬೇಕು ಎಂಬುದನ್ನು ನುಂಗುವ ಪರೀಕ್ಷೆ ಮಾಡಿದವರೇ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ತಪಾಸಣೆ ಇದೆ.

ಊಟಕ್ಕೆ ನೆಟ್ಟಗೆ ಕೂರಿಸಿ, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ತುತ್ತು ನುಂಗಿದ ಮೇಲೆ ಮಾತಾಡಿಸಿ ನೋಡಿ. ದನಿ ಗೊರಗೊರ ಅಂದರೆ ಗಂಟಲಲ್ಲಿ ಉಳಿದಿದೆ, ಕೆಮ್ಮಲು ಹೇಳಿ, ಮತ್ತೊಮ್ಮೆ ನುಂಗಿಸಿ, ಮುಂದಿನ ತುತ್ತು ತಡೆಯಿರಿ. ಕೆಲವರಿಗೆ ಕೆಮ್ಮೇ ಬಾರದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಹಾಗಾಗಿ ಪದೇ ಪದೇ ಜ್ವರ, ಏದುಸಿರು ಬಂದರೆ ಹದ ಬದಲಿಸುತ್ತಾ ಮನೆಯಲ್ಲೇ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ವಾರಕ್ಕೊಮ್ಮೆ ತೂಕ ನೋಡಿ. ಇಷ್ಟು ಕೊಟ್ಟೂ ತಿಂಗಳಲ್ಲಿ ಎರಡು ಕೆಜಿ ಇಳಿದರೆ ಆಗಲೂ ವೈದ್ಯರ ಬಳಿ ಹೋಗಬೇಕು.